ಒಂದು ಬಟ್ಟಲು ಅವಲಕ್ಕಿಯಲ್ಲಿ ಎಷ್ಟು ಕ್ಯಾಲೊರಿ? ತಕ್ಕಡಿ ಇಟ್ಟು ನೋಡಿದೆ

ಬೆಳಗಿನ ತಿಂಡಿಯ ಲೆಕ್ಕವನ್ನು ಎರಡು ತಿಂಗಳು ಮೊಬೈಲ್‌ನಲ್ಲಿ ಬರೆದಿಟ್ಟೆ. ಅವಲಕ್ಕಿಯಾದರೂ ಉಪ್ಪಿಟ್ಟಾದರೂ ‘ಒಂದು ಬಟ್ಟಲು, 250 ಕ್ಯಾಲೊರಿ’ ಎಂದು ಆಪ್ ತೋರಿಸುತ್ತಿತ್ತು, ನಾನೂ ಅದನ್ನೇ ಒಪ್ಪಿಕೊಳ್ಳುತ್ತಿದ್ದೆ. ಊಟ ಕಡಿಮೆ ಮಾಡಿದ್ದರೂ ತೂಕ ಮಾತ್ರ ಇಳಿಯಲಿಲ್ಲ. ಯಾರ ಮನೆಯ ಬಟ್ಟಲು, ಎಷ್ಟು ಎಣ್ಣೆ ಹಾಕಿದ ಅವಲಕ್ಕಿ ಎಂಬುದು ಆ ಸಂಖ್ಯೆಯಲ್ಲಿ ಎಲ್ಲಿಯೂ ಇರಲಿಲ್ಲ. ಹಾಗಾಗಿ ಒಂದು ಭಾನುವಾರ ಅಡುಗೆಮನೆಯ ತಕ್ಕಡಿಯನ್ನು ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡೆ.

ಅಂದು ಅಡುಗೆಯಲ್ಲಿ ಏನನ್ನೂ ಬದಲಿಸಲಿಲ್ಲ. ಎಂದಿನಂತೆಯೇ ಮಾಡಿ, ತೂಕ ಮಾತ್ರ ಬರೆದುಕೊಂಡೆ. ಎಣ್ಣೆಯನ್ನು ಅಳೆಯಲು ಚಮಚ ಬೇಡ. ಒಗ್ಗರಣೆಗೆ ಮೊದಲು ಎಣ್ಣೆಯ ಡಬ್ಬಿಯನ್ನು ತೂಗಬೇಕು, ಹಾಕಿದ ಮೇಲೆ ಮತ್ತೆ ತೂಗಬೇಕು. ನಡುವಿನ ವ್ಯತ್ಯಾಸವೇ ಬಾಣಲೆಗೆ ಬಿದ್ದ ಎಣ್ಣೆ. ನಾನು ‘ಎರಡು ಚಮಚ’ ಎಂದುಕೊಂಡು ಹಾಕುತ್ತಿದ್ದ ಎಣ್ಣೆ 41 ಗ್ರಾಂ ಇತ್ತು. ಪಾಕವಿಧಾನಗಳಲ್ಲಿ ಹೇಳುವ ದೊಡ್ಡ ಚಮಚಕ್ಕೆ 15 ಮಿಲಿಲೀಟರ್, ಅಂದರೆ ಸುಮಾರು 14 ಗ್ರಾಂ ಎಣ್ಣೆ ಹಿಡಿಯುತ್ತದೆ. ನಮ್ಮ ಮನೆಯ ಒಗ್ಗರಣೆ ಸೌಟಿಗೆ 20 ಗ್ರಾಂ ದಾಟುತ್ತದೆ. ಯಾವ ಅಡುಗೆ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ ಕೊಡುತ್ತದೆ. ಹಾಗಾಗಿ ಒಗ್ಗರಣೆಯ ಎಣ್ಣೆಯೊಂದರಿಂದಲೇ 369 ಬಂತು.

ಇಬ್ಬರಿಗೆ ಮಾಡಿದ ಅಂದಿನ ಅವಲಕ್ಕಿಯ ಪೂರ್ತಿ ಲೆಕ್ಕ ಹೀಗಿತ್ತು. ಒಣ ಅವಲಕ್ಕಿ 120 ಗ್ರಾಂ, ನೂರು ಗ್ರಾಂಗೆ ಸುಮಾರು 350ರಂತೆ 420. ಕಡಲೆಕಾಯಿ ಬೀಜ 40 ಗ್ರಾಂ, ಸುಮಾರು 227. ಈರುಳ್ಳಿ, ಕ್ಯಾರೆಟ್, ಹುರುಳಿಕಾಯಿ, ಬಟಾಣಿ ಎಲ್ಲ ಸೇರಿ 220 ಗ್ರಾಂ, ಆದರೂ 90ರ ಆಸುಪಾಸು ಅಷ್ಟೇ. ಮೇಲೆ ಉದುರಿಸಿದ 20 ಗ್ರಾಂ ತೆಂಗಿನತುರಿಗೆ 70. ಎಣ್ಣೆಯನ್ನೂ ಸೇರಿಸಿದರೆ ಒಟ್ಟು 1176.

ನಂತರ ಬಾಣಲೆಯನ್ನೇ ತಕ್ಕಡಿಯ ಮೇಲಿಟ್ಟು, ಮೊದಲೇ ಬರೆದುಕೊಂಡಿದ್ದ ಖಾಲಿ ಬಾಣಲೆಯ ತೂಕವನ್ನು ಕಳೆದೆ. ಸಿದ್ಧವಾದ ಅವಲಕ್ಕಿ 540 ಗ್ರಾಂ ಇತ್ತು, ಅಂದರೆ ನೂರು ಗ್ರಾಂಗೆ ಸುಮಾರು 218 ಕ್ಯಾಲೊರಿ. ನಾನು ದಿನವೂ ಬಡಿಸಿಕೊಳ್ಳುವ ಬಟ್ಟಲಿನಲ್ಲಿ 260 ಗ್ರಾಂ ಇತ್ತು. ನಾನು 250 ಎಂದು ಬರೆಯುತ್ತಿದ್ದ ತಿಂಡಿ 566 ಕ್ಯಾಲೊರಿಯದಾಗಿತ್ತು.

ಬಟ್ಟಲಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವಲಕ್ಕಿ ಹಗುರ, ಹರಡಿಕೊಂಡು ಕೂರುತ್ತದೆ. ಒಂದೇ ಬಟ್ಟಲಿಗೆ ಸಡಿಲವಾಗಿ ಬಡಿಸಿದಾಗ ಹಿಡಿಯುವುದಕ್ಕೂ ಸೌಟಿನ ಬೆನ್ನಿನಿಂದ ಒತ್ತಿ ಬಡಿಸಿದಾಗ ಹಿಡಿಯುವುದಕ್ಕೂ ಬಹಳ ಅಂತರವಿದೆ, ಆದರೆ ಎರಡೂ ನೋಡುವ ಕಣ್ಣಿಗೆ ‘ತುಂಬಿದ ಬಟ್ಟಲು’. ಆದ್ದರಿಂದ ನಾನು ಬಟ್ಟಲನ್ನು ನಂಬುವುದಿಲ್ಲ, ಗ್ರಾಂ ನೋಡುತ್ತೇನೆ.

ಮುಂದಿನ ವಾರ ಎಣ್ಣೆಯನ್ನು ಮಾತ್ರ 15 ಗ್ರಾಂಗೆ ಇಳಿಸಿದೆ. “ಅಷ್ಟೇ ಎಣ್ಣೆಯಲ್ಲಿ ಸಾಸಿವೆ ಹೇಗೆ ಸಿಡಿಯುತ್ತದೆ?” ಎಂದು ಅಮ್ಮ ಕೇಳಿದಳು. ಅವಳ ಪ್ರಶ್ನೆ ಸರಿಯಾದದ್ದೇ. ಅಗಲ ಬಾಣಲೆಯ ತಳದಲ್ಲಿ ಹರಡಿಹೋದ ತೆಳು ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಮೊದಲೇ ಕರಟುತ್ತದೆ. ನಾನು ಬಾಣಲೆಯನ್ನು ಒಂದು ಬದಿಗೆ ಓರೆಯಾಗಿ ಹಿಡಿದೆ. ಎಣ್ಣೆ ಹರಿದು ಅಂಚಿನಲ್ಲಿ ಮಡುಗಟ್ಟಿತು, ಸಾಸಿವೆಯನ್ನು ಅಲ್ಲಿಗೇ ಹಾಕಿದೆ. ಚಟಪಟ ನಿಲ್ಲುತ್ತಿದ್ದಂತೆ ಕರಿಬೇವು, ಹಸಿಮೆಣಸಿನಕಾಯಿ, ಅರಿಸಿನವನ್ನೂ ಅದೇ ಮಡುವಿಗೆ ಹಾಕಿ, ಆಮೇಲೆ ಬಾಣಲೆಯನ್ನು ನೇರ ಮಾಡಿದೆ. ಈರುಳ್ಳಿಗೆ ಮೊದಲೇ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಅದು ಬಿಡುವ ನೀರಿನಲ್ಲಿಯೇ ಉಳಿದ ತರಕಾರಿಯೂ ಬೇಯುತ್ತದೆ. ಅಮ್ಮ ತಿಂದು, “ಘಮ ಕಡಿಮೆಯಾಗಿಲ್ಲ” ಎಂದಳು. ಲೆಕ್ಕದಲ್ಲಿ ಒಟ್ಟು 942ಕ್ಕೆ ಇಳಿಯಿತು. ಅದೇ 260 ಗ್ರಾಂ ತಿಂದರೆ ಸುಮಾರು 475.

ಇದಕ್ಕಿಂತ ಕೆಳಗೆ, 8 ಗ್ರಾಂ ಎಣ್ಣೆಯಲ್ಲಿಯೂ ಒಮ್ಮೆ ಮಾಡಿದ್ದೆ. ಅವಲಕ್ಕಿ ತಣ್ಣಗಾಗುತ್ತಿದ್ದಂತೆ ಗಂಟಲಿಗೆ ಅಂಟುವಷ್ಟು ಒಣಗಿತು, ನಿಂಬೆರಸ ಹಿಂಡಿದರೂ ಸರಿಹೋಗಲಿಲ್ಲ. ನಮ್ಮ ಮನೆಯ ಅಳತೆಗೆ ಇಬ್ಬರಿಗೆ 15 ಗ್ರಾಂ ಎಂಬುದೇ ಕೆಳಗಿನ ಮಿತಿ ಎಂದು ಅಲ್ಲಿಗೆ ನಿಲ್ಲಿಸಿದೆ.

ಕಡಲೆಕಾಯಿ ಬೀಜದ ವಿಷಯದಲ್ಲಿ ಬೇರೆಯೇ ಪಾಠ ಕಲಿತೆ. ಎಣ್ಣೆಯಲ್ಲಿ ಹುರಿಯದೆ ಬರಿ ಬಾಣಲೆಯಲ್ಲಿ ಹುರಿದರೆ ದೊಡ್ಡ ಉಳಿತಾಯವಾಗುತ್ತದೆ ಎಂದುಕೊಂಡಿದ್ದೆ. ಆದರೆ ಬೀಜದ ತೂಕದಲ್ಲಿ ಸುಮಾರು ಅರ್ಧ ಅದರೊಳಗಿನ ಎಣ್ಣೆಯೇ, ಹೊರಗಿನಿಂದ ಅಂಟುವುದು ಅದರ ಮುಂದೆ ಅಲ್ಪ. ಬಾಣಲೆಯ ಎಣ್ಣೆಯನ್ನು ಬೀಜ ಹೀರಿದರೂ ಹೀರದಿದ್ದರೂ ಅದು ಕೊನೆಗೆ ತಟ್ಟೆಗೇ ಬರುತ್ತದೆ. ಬರಿ ಬಾಣಲೆಯಲ್ಲಿ ಹುರಿಯುವುದರ ಲಾಭವೆಂದರೆ ಒಗ್ಗರಣೆಗೆ ಹೆಚ್ಚು ಎಣ್ಣೆ ಸುರಿಯುವ ಅಗತ್ಯ ಬೀಳುವುದಿಲ್ಲ. ಕ್ಯಾಲೊರಿ ಇಳಿಯಬೇಕಾದರೆ ಬೀಜದ ಪ್ರಮಾಣವೇ ಇಳಿಯಬೇಕು. ಪೂರ್ತಿ ಬಿಟ್ಟ ದಿನ ಹನ್ನೊಂದಕ್ಕೆಲ್ಲ ಹಸಿವಾಯಿತು, ಆದ್ದರಿಂದ 20 ಗ್ರಾಂ ಉಳಿಸಿಕೊಂಡೆ. ಅದನ್ನು ಕೊನೆಯಲ್ಲಿ ಸೇರಿಸಿದರೆ ಗರಿಗರಿಯಾಗಿಯೇ ಇರುತ್ತದೆ, ಕಡಿಮೆಯಾಗಿದೆ ಎಂದು ಬಾಯಿಗೆ ಗೊತ್ತಾಗುವುದಿಲ್ಲ.

ತರಕಾರಿಯನ್ನು 220ರಿಂದ 350 ಗ್ರಾಂಗೆ ಏರಿಸಿದೆ. ಅದರಿಂದ ಬಂದ ಹೆಚ್ಚುವರಿ ಕ್ಯಾಲೊರಿ ಸುಮಾರು 50, ಆದರೆ ತಿಂಡಿಯ ತೂಕ ನೂರು ಗ್ರಾಂನಷ್ಟು ಏರಿತು. ಈಗ ಒಟ್ಟು 880, ತೂಕ 595 ಗ್ರಾಂ. ನನ್ನ 260 ಗ್ರಾಂ ಬಟ್ಟಲಿಗೆ ಸುಮಾರು 385. ಬಟ್ಟಲು ಚಿಕ್ಕದಾಗಲಿಲ್ಲ ಎಂಬುದೇ ನನಗೆ ಮುಖ್ಯವಾಯಿತು. ಹುರುಳಿಕಾಯಿಯನ್ನು ಹತ್ತಿಪ್ಪತ್ತು ಗ್ರಾಂ ತಪ್ಪಾಗಿ ತೂಗಿದರೂ ಏನೂ ಆಗುವುದಿಲ್ಲ. ಎಣ್ಣೆಯಲ್ಲಿ ಅಷ್ಟೇ ತಪ್ಪಿದರೆ ಇಡೀ ಲೆಕ್ಕ ಕೆಡುತ್ತದೆ.

ಉಪ್ಪಿಟ್ಟಿನಲ್ಲಿ ಇದರ ಜೊತೆಗೆ ನೀರೂ ಲೆಕ್ಕಕ್ಕೆ ಬರುತ್ತದೆ. 150 ಗ್ರಾಂ ರವೆ, 20 ಗ್ರಾಂ ಎಣ್ಣೆ, 20 ಗ್ರಾಂ ಕಡಲೆಕಾಯಿ ಬೀಜ, ಒಂದಿಷ್ಟು ಬೇಳೆ, 150 ಗ್ರಾಂ ತರಕಾರಿ ಸೇರಿ ನನಗೆ ಬಂದದ್ದು ಸುಮಾರು 910. ಅದಕ್ಕೆ ರವೆಯ ಎರಡೂವರೆ ಪಟ್ಟು ತೂಕದ ನೀರು ಹಾಕಿದ ದಿನ ಉದುರುದುರಾದ ಉಪ್ಪಿಟ್ಟು 655 ಗ್ರಾಂ ಆಯಿತು. ಮೂರೂವರೆ ಪಟ್ಟು ಹಾಕಿದ ದಿನ ಮೆತ್ತಗಾಗಿ 800 ಗ್ರಾಂ ಆಯಿತು. ಮೊದಲನೆಯದರಲ್ಲಿ 200 ಗ್ರಾಂಗೆ 278, ಎರಡನೆಯದರಲ್ಲಿ ಅಷ್ಟೇ ತೂಕಕ್ಕೆ 228. ‘ನೂರು ಗ್ರಾಂ ಉಪ್ಪಿಟ್ಟಿಗೆ ಇಷ್ಟು’ ಎಂದು ಎಲ್ಲೋ ಓದಿದ ಸಂಖ್ಯೆ ನಮ್ಮ ಮನೆಯ ಉಪ್ಪಿಟ್ಟಿಗೆ ಹೊಂದದೆ ಇರಲು ಇದೂ ಒಂದು ಕಾರಣ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಬೆಂದ ಉಪ್ಪಿಟ್ಟನ್ನು ತೂಗಿ, ಆಪ್‌ನಲ್ಲಿ ‘ರವೆ, 200 ಗ್ರಾಂ’ ಎಂದು ಹಾಕಿದ್ದೆ. ಅದು ಒಣ ರವೆಯ ಲೆಕ್ಕ ಹಿಡಿದು 700 ತೋರಿಸಿತು. ರವೆ, ಅವಲಕ್ಕಿಯನ್ನು ಒಣಗಿದ್ದಾಗಲೇ ತೂಗಬೇಕು, ಸಿದ್ಧವಾದ ತಿಂಡಿಯ ತೂಕ ಭಾಗ ಮಾಡಿಕೊಳ್ಳುವುದಕ್ಕೆ ಮಾತ್ರ.

ಈಗ ದಿನವೂ ಎಲ್ಲವನ್ನೂ ತೂಗುವುದಿಲ್ಲ. ಖಾಲಿ ಬಾಣಲೆಯ ತೂಕವನ್ನು ಕಪಾಟಿನ ಬಾಗಿಲ ಒಳಗಡೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಎಣ್ಣೆಯನ್ನು ಮಾತ್ರ ಡಬ್ಬಿಯಿಂದ ನೇರ ಬಾಣಲೆಗೆ ಸುರಿಯದೆ, ತಕ್ಕಡಿಯ ಮೇಲಿಟ್ಟ ಪುಟ್ಟ ಬಟ್ಟಲಿಗೆ 15 ಗ್ರಾಂ ಬಗ್ಗಿಸಿಕೊಂಡು ಆಮೇಲೆ ಒಲೆ ಹಚ್ಚುತ್ತೇನೆ.