ಸಿಗ್ನಲ್ ಕಡ್ಡಿ ತುಂಬಿತ್ತು, ನೆಟ್ ಮಾತ್ರ ಓಡುತ್ತಿರಲಿಲ್ಲ

ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಅಕ್ಕ ಊರಿಗೆ ಬಂದಾಗ ಅಮ್ಮನಿಗೆ ಅಂತ ಒಂದು ಆಂಡ್ರಾಯ್ಡ್ ಫೋನ್ ತಂದಿದ್ದಳು. ಅಲ್ಲಿನ ಒಂದು ಮೊಬೈಲ್ ಕಂಪನಿಯ ಪ್ರೀಪೇಡ್ ಪ್ಲಾನ್ ಜೊತೆ ಕಡಿಮೆ ಬೆಲೆಗೆ ಸಿಕ್ಕಿದ ಫೋನ್ ಅದು. ಬೇರೆ ಸಿಮ್ ಹಾಕಲು ಬರುವಂತೆ ಲಾಕ್ ಬಿಡಿಸಿಕೊಂಡೇ ತಂದಿದ್ದಳು. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮನ ಜಿಯೋ ಸಿಮ್ ಹಾಕಿದೆವು. ಮೇಲೆ 4G ಅಂತ ಬಂತು, ನಾಲ್ಕೂ ಕಡ್ಡಿ ತುಂಬಿದವು, ಕರೆಯೂ ಹೋಯಿತು. ಎಲ್ಲ ಸರಿಯಾಯಿತು ಅಂದುಕೊಂಡು ಅಕ್ಕ ವಾಪಸ್ ಹೋದಳು.

ತೊಂದರೆ ಶುರುವಾಗಿದ್ದು ಸಂಜೆಯ ವಿಡಿಯೋ ಕಾಲ್‌ನಲ್ಲಿ. "ಏನೇ ಇದು, ನಿನ್ನ ಮುಖ ನಿಂತೇ ಹೋಯ್ತಲ್ಲೇ" ಅಂತ ಅಮ್ಮ ದಿನಾ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾನು ಮೊದಲು ರೀಚಾರ್ಜ್ ನೋಡಿದೆ, ಆಮೇಲೆ ಫೋನನ್ನು ಕಂಪನಿಯ ನೆಟ್‌ಗೆ ಸೇರಿಸುವ ಸೆಟ್ಟಿಂಗ್ ಆದ ಎಪಿಎನ್ ನೋಡಿದೆ. ಅಲ್ಲಿ `jionet` ಅಂತ ಸರಿಯಾಗಿಯೇ ಇತ್ತು. ಫೋನ್ ರೀಸೆಟ್ ಕೂಡ ಮಾಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಸಿಮ್ ಅದಲು ಬದಲು. ಅದೇ ಸಿಮ್ ಅನ್ನು ಅಮ್ಮನ ಹಳೇ ಫೋನಿಗೆ ಹಾಕಿ, ಅದೇ ಸೋಫಾ ಮೇಲೆ ಕೂತು ವೇಗ ನೋಡಿದೆ. 28 ಎಂಬಿಪಿಎಸ್ ಬಂತು. ಹೊಸ ಫೋನಿಗೆ ಹಾಕಿದರೆ 2 ದಾಟಲಿಲ್ಲ. ಅಂದರೆ ನೆಟ್‌ವರ್ಕ್ ತಪ್ಪಲ್ಲ. ಆಮೇಲೆ ನನ್ನ ಏರ್‌ಟೆಲ್ ಸಿಮ್ ಅನ್ನು ಹೊಸ ಫೋನಿಗೆ ಹಾಕಿದೆ. ಮೇಲೆ 4G ಬರಲೇ ಇಲ್ಲ, ಬರೀ `E` ಅಂತ ಬಂತು. ಅದು ಹಳೇ 2ಜಿ ಡೇಟಾದ ಗುರುತು. ನನ್ನ ಫೋನಿನಲ್ಲಿ ಚೆನ್ನಾಗಿ ಓಡುತ್ತಿದ್ದ ಸಿಮ್ ಇಲ್ಲಿ 4ಜಿಯನ್ನೇ ಕಾಣುತ್ತಿರಲಿಲ್ಲ. ಅಲ್ಲಿಗೆ ನನಗೆ ಬ್ಯಾಂಡ್ ಮೇಲೆ ಅನುಮಾನ ಬಂತು.

ಬ್ಯಾಂಡ್ ಅಂದರೆ ರೇಡಿಯೋ ತರಂಗಗಳ ಒಂದೊಂದು ತುಂಡು. ಪ್ರತಿ ತುಂಡಿಗೂ ಒಂದು ನಂಬರ್ ಇರುತ್ತದೆ. 4ಜಿ ಅಂದರೆ ಎಲ್ಲ ದೇಶದಲ್ಲೂ ಒಂದೇ ಬ್ಯಾಂಡ್ ಅಲ್ಲ. ನಮ್ಮಲ್ಲಿ ಜಿಯೋ 4ಜಿ ನಡೆಯುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಅಂದರೆ 1800, 850 ಮತ್ತು 2300 ಮೆಗಾಹರ್ಟ್ಸ್. ಏರ್‌ಟೆಲ್ ಮುಖ್ಯವಾಗಿ 1, 3, 8 ಮತ್ತು 40 ಬಳಸುತ್ತದೆ. ಅಮೆರಿಕದ ಕಂಪನಿಗಳು ಹೆಚ್ಚಾಗಿ ಬಳಸುವುದು 2, 4, 12, 13, 66, 71 ಇಂಥವನ್ನು. ಜಿಯೋ ಬಳಸುವ ಬ್ಯಾಂಡ್‌ಗಳಲ್ಲಿ ಅಲ್ಲೂ ಬಳಕೆಯಲ್ಲಿರುವುದು ಬ್ಯಾಂಡ್ 5.

ಈಗ ನಮ್ಮ ಫೋನಿನಲ್ಲಿ ಏನಿದೆ ಅಂತ ನೋಡಬೇಕಿತ್ತು. ಮೊದಲು ನಾನು ಫೋನಿನ ಹೆಸರು ಹಾಕಿ ಹುಡುಕಿದೆ. ಸಿಕ್ಕ ಪಟ್ಟಿಯಲ್ಲಿ 3, 40 ಎಲ್ಲ ಇದ್ದವು! ಇಲ್ಲೇ ನಾನು ಎರಡು ದಿನ ಕಳೆದೆ. ಒಂದೇ ಹೆಸರಿನ ಫೋನನ್ನು ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಬ್ಯಾಂಡ್ ಹಾಕಿ ಮಾಡಿರುತ್ತಾರೆ. ನಾನು ನೋಡಿದ್ದು ಬೇರೆ ದೇಶದ ಮಾದರಿಯ ಪಟ್ಟಿ. ಹಾಗಾಗಿ ಹುಡುಕಬೇಕಾದದ್ದು ಹೆಸರನ್ನಲ್ಲ, ಮಾಡೆಲ್ ನಂಬರನ್ನು. ಅದು ಸೆಟ್ಟಿಂಗ್ಸ್‌ನ `About phone` ಒಳಗೆ ಇರುತ್ತದೆ, ಡಬ್ಬದ ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತದೆ. ಕೊನೆಯ ಒಂದು ಅಕ್ಷರ ಬದಲಾದರೂ ಒಳಗಿನ ರೇಡಿಯೋ ಬೇರೆಯದಾಗಿರಬಹುದು. ಪೂರ್ತಿ ನಂಬರ್ ಹಾಕಿ ತಯಾರಕರ ಪುಟದಲ್ಲಿ ನೋಡಿದಾಗ ನಿಜ ಗೊತ್ತಾಯಿತು: 2, 4, 5, 12, 13, 66, 71. ಅಷ್ಟೇ.

ಇನ್ನೊಂದು ಕಡೆಯೂ ಎಡವುವ ಸಾಧ್ಯತೆ ಇದೆ. ಫೋನುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ದಾಖಲೆಗಳಲ್ಲೂ ಫೋನಿನ ಬ್ಯಾಂಡ್ ಸಿಗುತ್ತವೆ. ಆದರೆ ಅದು ಆ ದೇಶದಲ್ಲಿ ಬಳಸುವ ತರಂಗಗಳ ಪರೀಕ್ಷೆ. ಅಲ್ಲಿ ಬ್ಯಾಂಡ್ 3 ಕಾಣಲಿಲ್ಲ ಅಂದ ಮಾತ್ರಕ್ಕೆ ಫೋನಿನಲ್ಲಿ ಅದು ಇಲ್ಲ ಅಂತ ಹೇಳಲು ಆಗುವುದಿಲ್ಲ. ತಯಾರಕರ ಪಟ್ಟಿಯನ್ನೇ ನಂಬುವುದು ಒಳ್ಳೆಯದು.

ಪಟ್ಟಿ ನೋಡಿದ ಮೇಲೂ ಫೋನ್ ಈಗ ಯಾವ ಬ್ಯಾಂಡಿನಲ್ಲಿದೆ ಅಂತ ಕಣ್ಣಾರೆ ನೋಡಬೇಕು ಅನಿಸಿತು. ಡಯಲ್ ಮಾಡುವ ಜಾಗದಲ್ಲಿ ಇದನ್ನು ಒತ್ತಿದೆ:

```
*#*#4636#*#*
```

ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಇದು ತೆರೆಯುವುದಿಲ್ಲ. ತೆರೆಯದಿದ್ದರೆ ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕಿಕೊಳ್ಳಬಹುದು, ಅದು ಬ್ಯಾಂಡ್ ನಂಬರನ್ನು ನೇರವಾಗಿ ತೋರಿಸುತ್ತದೆ. ನಮ್ಮ ಫೋನಿನಲ್ಲಿ ತೆರೆಯಿತು. ಫೋನ್ ಮಾಹಿತಿಯ ಒಳಗೆ ಕೆಳಗೆ ಹೋದರೆ ಟವರ್ ವಿವರದ ಸಾಲು ಇರುತ್ತದೆ, ಅದರಲ್ಲಿ `EARFCN` ಅಂತ ಒಂದು ಸಂಖ್ಯೆ. ಅದನ್ನು ನೋಡಿಯೇ ಬ್ಯಾಂಡ್ ಹೇಳಬಹುದು. 1200ರಿಂದ 1949ರ ಒಳಗಿದ್ದರೆ ಬ್ಯಾಂಡ್ 3. 2400ರಿಂದ 2649 ಆದರೆ ಬ್ಯಾಂಡ್ 5. 38650ರಿಂದ 39649 ಆದರೆ ಬ್ಯಾಂಡ್ 40. ಹೊಸ ಫೋನಿನಲ್ಲಿ ಯಾವಾಗ ನೋಡಿದರೂ 2500ರ ಆಸುಪಾಸು. ಮಹಡಿಗೆ ಹೋಗಿ ನೋಡಿದೆ, ರಸ್ತೆಗೆ ಹೋಗಿ ನೋಡಿದೆ, ಅದೇ. ಹಳೇ ಫೋನಿನಲ್ಲಿ ಅದೇ ಸಿಮ್ ಒಮ್ಮೆ 1200 ದಾಟಿದ ಸಂಖ್ಯೆ, ಒಮ್ಮೆ 38 ಸಾವಿರ ದಾಟಿದ ಸಂಖ್ಯೆ ತೋರಿಸುತ್ತಿತ್ತು.

ಕಡ್ಡಿ ತುಂಬಿದ್ದರೂ ನೆಟ್ ಯಾಕೆ ನಿಧಾನ ಅನ್ನುವುದಕ್ಕೆ ಉತ್ತರ ಇಲ್ಲಿದೆ. 850ರ ತರಂಗ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಅದಕ್ಕೇ ಕಡ್ಡಿ ಜಾಸ್ತಿ. ಆದರೆ ಅಲ್ಲಿ ಸಿಗುವ ಜಾಗ ತುಂಬಾ ಕಿರಿದು. 2300ರಲ್ಲಿ ಅಗಲವಾದ ರಸ್ತೆ ಇದ್ದರೆ ಇದು ಓಣಿ. ಅದೂ ಸಾಲದು ಅಂತ, ಮನೆಗಳ ಒಳಗೆ, ಟವರಿನಿಂದ ದೂರ ಇರುವ ಫೋನುಗಳೆಲ್ಲ ಈ ಓಣಿಗೇ ಬರುತ್ತವೆ. ಸಂಜೆ ಎಂಟಕ್ಕೆ 2 ಎಂಬಿಪಿಎಸ್ ಬರುತ್ತಿದ್ದ ಫೋನಿನಲ್ಲಿ ಬೆಳಗಿನ ಐದಕ್ಕೆ 11 ಬಂತು. ಕಡ್ಡಿ ಹೇಳುವುದು ಸಿಗ್ನಲ್ ಎಷ್ಟು ಗಟ್ಟಿ ಅಂತ ಮಾತ್ರ, ರಸ್ತೆ ಎಷ್ಟು ಅಗಲ, ಎಷ್ಟು ಜನ ಇದ್ದಾರೆ ಅಂತ ಅಲ್ಲ. ಏರ್‌ಟೆಲ್‌ನದು ಇನ್ನೂ ಸರಳ. ಅದರ 4ಜಿ ಬ್ಯಾಂಡ್‌ಗಳಲ್ಲಿ ಒಂದೂ ಈ ಫೋನಿನಲ್ಲಿ ಇರಲಿಲ್ಲ. ಅವರ 3ಜಿ ಈಗಿಲ್ಲ. ಹಾಗಾಗಿ ಫೋನ್ ನೇರ 2ಜಿಗೆ ಇಳಿಯಿತು.

ಸಾಫ್ಟ್‌ವೇರ್ ಹಾಕಿ ಬ್ಯಾಂಡ್ ಸೇರಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಚಿಪ್ ಒಪ್ಪಿದರೂ ಆ ಬ್ಯಾಂಡಿಗೆ ಬೇಕಾದ ಫಿಲ್ಟರ್, ಆಂಪ್ಲಿಫೈಯರ್ ಬೋರ್ಡಿನ ಮೇಲೆ ಇರಬೇಕಲ್ವಾ? ಅವು ಇಲ್ಲದಿದ್ದರೆ ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ. ನಾನು ಅದಕ್ಕೆ ಕೈ ಹಾಕಲಿಲ್ಲ.

5ಜಿಗೂ ಇದೇ ಮಾತು. ನಮ್ಮಲ್ಲಿ ಹೆಚ್ಚಾಗಿ ಬೇಕಿರುವುದು n78 ಅನ್ನುವ 5ಜಿ ಬ್ಯಾಂಡ್. ಅಮೆರಿಕದ ಅಗ್ಗದ ಫೋನುಗಳಲ್ಲಿ n41, n71, n77 ಇರುತ್ತವೆ, n78 ಇಲ್ಲದಿರಬಹುದು. n77 ಮತ್ತು n78 ಒಂದರ ಮೇಲೊಂದು ಬರುವ ತರಂಗಗಳೇ ಆದರೂ ಪಟ್ಟಿಯಲ್ಲಿ n78 ಅಂತ ಇದ್ದರೆ ಮಾತ್ರ ನಂಬಿ. 4ಜಿಯ ಆಸರೆಯಲ್ಲಿ ನಡೆಯುವ 5ಜಿ ಆದರೆ ಇಲ್ಲಿನ 4ಜಿ ಬ್ಯಾಂಡೂ ಜೊತೆಗೆ ಇರಬೇಕು.

ಅಮ್ಮನ ಸಿಮ್ ಮತ್ತೆ ಹಳೇ ಫೋನಿಗೆ ಹೋಯಿತು. ಹೊಸದು ಮನೆಯ ವೈಫೈನಲ್ಲಿ ವಿಡಿಯೋ ಕಾಲಿಗೆ ಮೀಸಲಾಯಿತು, ಅಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಹೋದ ತಿಂಗಳು ಭಾವ ಬರುವವರಿದ್ದರು. ಅಕ್ಕ ಅಂಗಡಿಯಿಂದಲೇ ಡಬ್ಬದ ಸ್ಟಿಕ್ಕರ್ ಫೋಟೋ ಕಳಿಸಿ "ಇದು ಆಗುತ್ತೇನೋ?" ಅಂತ ಕೇಳಿದಳು. ಮಾಡೆಲ್ ನಂಬರ್ ಹಾಕಿ ನೋಡಿದೆ. 1, 3, 5, 8, 40 ಇದ್ದವು, n78 ಕೂಡ ಇತ್ತು. ಅನ್‌ಲಾಕ್ ಆಗಿರುವುದೇನಾ ಅಂತ ಒಮ್ಮೆ ಕೇಳಿಕೋ ಅಂದೆ. ಹೌದು ಅಂದಳು. ತಗೋ ಅಂದೆ.