‘ಜೀವಕ್ಕೆ ಹೆದರಿ ಮಾಡಿದೆ’ ಅಂದರೆ ಕೋರ್ಟ್ ಯಾವಾಗ ಒಪ್ಪುತ್ತದೆ, ಕೊಲೆ ಕೇಸಿನಲ್ಲಿ ಯಾಕೆ ಒಪ್ಪುವುದಿಲ್ಲ

ಹುಬ್ಬಳ್ಳಿ ಕೋರ್ಟಿನ ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದಾಗ, ಜಮೀನಿನ ಕೇಸಿಗೆ ಕುಂದಗೋಳ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: “ವಕೀಲರ, ನನ್ನ ಕುತ್ತಿಗಿಗೆ ಚಾಕು ಹಿಡದು ‘ಅವನ್ನ ಕೊಲ್ಲು, ಇಲ್ಲಾಂದ್ರ ನಿನ್ನ ಕೊಲ್ತೀವಿ’ ಅಂದ್ರ, ನಾ ಏನ್ ಮಾಡ್ಬೇಕ್ರಿ? ಆಗ ಕೊಂದ್ರೂ ನಂದ ತಪ್ಪೇನು?”

ಹೌದು, ಕಾನೂನಿನ ಪ್ರಕಾರ ಅದು ಕೊಲೆಯೇ. ಹಾಗಂದಾಗ ಅವರ ಮುಖ ಸಪ್ಪಗಾಯಿತು. ಇನ್ನೂ ಮಾತಾಡುವಷ್ಟರಲ್ಲಿ ಅವರ ಕೇಸ್ ಕೂಗಿದರು, ಹೋದರು. ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಇಂಥ ಕೇಸ್ ಬಂದರೆ ಯಾವ ಪ್ರಶ್ನೆಯ ನಂತರ ಯಾವ ಪ್ರಶ್ನೆ ಕೇಳಬೇಕು ಅನ್ನೋದು ಗೊತ್ತಾದರೆ ಉತ್ತರ ತಾನಾಗಿ ಬರುತ್ತದೆ.

ಒಬ್ಬ ಕಮ್ಮಾರನನ್ನು ಇಟ್ಟುಕೊಂಡು ನೋಡೋಣ. ಈ ಕಮ್ಮಾರ ನನ್ನ ಕಲ್ಪನೆಯಲ್ಲ, ಕಾನೂನಿನ ಒಳಗೇ ಇದ್ದಾನೆ. 1860ರ ಭಾರತೀಯ ದಂಡ ಸಂಹಿತೆಯ 94ನೇ ಕಲಮಿನ ವಿವರಣೆಯಲ್ಲಿ, ಡಕಾಯಿತರು ಹಿಡಿದು ತಂದು ಬಾಗಿಲು ಮುರಿಸಿದ ಕಮ್ಮಾರನ ಉದಾಹರಣೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 32ನೇ ಕಲಮಿನಲ್ಲಿದೆ. ನಾನು ಅವನನ್ನು ಬ್ಯಾಡಗಿ ಹತ್ತಿರದ ಒಂದು ಹಳ್ಳಿಗೆ ಕರೆತರುತ್ತೇನೆ, ಅಷ್ಟೇ. ರಾತ್ರಿ ಒಂದು ಗಂಟೆ. ಐದು ಜನ ಅವನ ಮನೆಗೆ ನುಗ್ಗುತ್ತಾರೆ, ಕುತ್ತಿಗೆಗೆ ಚಾಕು ಒತ್ತುತ್ತಾರೆ, ಸುತ್ತಿಗೆ, ಉಳಿ, ಹಾರೆ ಹೊರಿಸಿಕೊಂಡು ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಗೆ ಎಳೆದೊಯ್ಯುತ್ತಾರೆ. “ಕೀಲಿ ಮುರಿ.” ಚಾಕು ಕುತ್ತಿಗೆ ಬಿಟ್ಟು ಒಂದಿಂಚೂ ಸರಿದಿಲ್ಲ. ಅವನು ಉಳಿ ಇಟ್ಟು ಎರಡು ಏಟು ಹಾಕುತ್ತಾನೆ, ಕೊಂಡಿ ಕಿತ್ತು ಬರುತ್ತದೆ. ಅವರು ಒಳಗೆ ಹೋಗಿ ದೋಚುತ್ತಾರೆ. ಬೆಳಗಾದರೆ ಪೊಲೀಸರು ಕಮ್ಮಾರನನ್ನೂ ಆರೋಪಿ ಮಾಡುತ್ತಾರೆ, ಯಾಕಂದರೆ ಮುರಿದ ಕೊಂಡಿಯ ಪಕ್ಕದಲ್ಲಿ ಸಿಕ್ಕಿದ್ದು ಅವನದೇ ಉಳಿ.

ಮೊದಲ ಪ್ರಶ್ನೆ: ಬೆದರಿಕೆ ಎಂಥದ್ದು?

ಕಲಂ 32 ಕೇಳುವುದು ಸಾಮಾನ್ಯ ಹೆದರಿಕೆಯನ್ನಲ್ಲ. ಆ ಕ್ಷಣದಲ್ಲಿ, ಹೇಳಿದ್ದು ಮಾಡದಿದ್ದರೆ ತಾನು ಅಲ್ಲೇ ಸಾಯುತ್ತೇನೆ ಎಂಬ ಭಯ ಇರಬೇಕು, ಆ ಭಯಕ್ಕೆ ತಕ್ಕ ಕಾರಣವೂ ಇರಬೇಕು. ಕೈಕಾಲು ಮುರಿಯುತ್ತೇವೆ ಅಂದರೆ ಸಾಲದು. ಬಣವಿಗೆ ಬೆಂಕಿ ಹಚ್ಚುತ್ತೇವೆ ಅಂದರೂ ಸಾಲದು. ಸಂಜೆ ಫೋನ್ ಮಾಡಿ “ರಾತ್ರಿ ಬರದಿದ್ದರೆ ನಾಳೆ ನೋಡ್ಕೋತೀವಿ” ಅಂದಿದ್ದರೆ, ಸಂಜೆಯಿಂದ ರಾತ್ರಿವರೆಗೆ ಸ್ಟೇಷನ್ನಿಗೆ ಹೋಗಲು ಟೈಮ್ ಇತ್ತಲ್ವಾ ಅಂತ ಸರ್ಕಾರಿ ವಕೀಲರು ಕೇಳೇ ಕೇಳುತ್ತಾರೆ. ನಮ್ಮ ಕಮ್ಮಾರನ ಕುತ್ತಿಗೆ ಮೇಲೆ ಚಾಕು ಇತ್ತು, ಏಟು ಹಾಕುವ ಹೊತ್ತಿನಲ್ಲೂ ಇತ್ತು. ಹಾಗಾಗಿ ಇಲ್ಲಿ ಪಾಸಾದ.

ಇನ್ನೊಂದು ಮಾತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಾಯುವ ಭಯ ಅವನಿಗೇ ಇರಬೇಕು, ಕಲಮಿನ ಶಬ್ದಗಳು ಹಾಗೇ ಇವೆ. ಚಾಕು ಅವನ ಮಗಳ ಕುತ್ತಿಗೆ ಮೇಲಿದ್ದರೆ ಈ ಕಲಂ ಅವನಿಗೆ ಸಿಗುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ತನ್ನ ಜೀವಕ್ಕಿಂತ ಮಗುವಿನ ಜೀವಕ್ಕೆ ಹೆದರುವವರೇ ಹೆಚ್ಚು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಹೊಸ ಸಂಹಿತೆ ಬರೆಯುವಾಗಲಾದರೂ ಇದನ್ನು ತಿದ್ದಬಹುದಿತ್ತು, ತಿದ್ದಲಿಲ್ಲ. ಅಂಥ ಕೇಸಿನಲ್ಲಿ ವಕೀಲರು ಅನಿವಾರ್ಯತೆಯ ಕಲಂ 19ರ ಕಡೆ ಹೋಗಬೇಕಾಗುತ್ತದೆ, ಅದರ ಮಾತು ಮುಂದೆ ಬರುತ್ತದೆ.

ಎರಡನೇ ಪ್ರಶ್ನೆ: ಅವರ ಜೊತೆ ಸೇರಿದ್ದು ಹೇಗೆ?

ಕಮ್ಮಾರ ಇವರ ಜೊತೆ ಮೊದಲೇ ಓಡಾಡಿಕೊಂಡಿದ್ದು, ಇವರು ಎಂಥವರು ಅಂತ ಗೊತ್ತಿದ್ದೂ ಗುಂಪಿಗೆ ಸೇರಿ, ಆಮೇಲೆ “ಹಿಂದೆ ಸರಿದರೆ ಕೊಲ್ತಿದ್ರು” ಅಂದರೆ ಬಾಗಿಲು ಮುಚ್ಚಿತು. ಬರೀ ಹೊಡೆತಕ್ಕೆ ಹೆದರಿ ಸೇರಿದ್ದರೂ ಅಷ್ಟೇ, ಕಾನೂನಿನ ವಿವರಣೆ ಅದನ್ನೂ ಬಿಡಿಸಿ ಹೇಳಿದೆ. ಮನೆಯಲ್ಲಿ ಮಲಗಿದ್ದವನನ್ನು ಎಳೆದು ತಂದಿದ್ದರೆ ಮಾತ್ರ ರಕ್ಷಣೆ.

ಮೂರನೇ ಪ್ರಶ್ನೆ: ಇದನ್ನು ಯಾರು ತೋರಿಸಬೇಕು?

ಆರೋಪಿಯೇ ತೋರಿಸಬೇಕು. ಅಪರಾಧ ನಡೆದಿದೆ ಅಂತ ಸರ್ಕಾರ ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕು, ಆದರೆ “ನನಗೆ ವಿನಾಯಿತಿ ಇದೆ” ಅನ್ನುವವನು ಅದನ್ನು ತಾನೇ ತೋರಿಸಬೇಕು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 108 ಹೇಳುವುದು ಇದನ್ನೇ. ಸಮಾಧಾನ ಏನಂದರೆ, ಅವನು ಸರ್ಕಾರದಷ್ಟು ಗಟ್ಟಿಯಾಗಿ ತೋರಿಸಬೇಕಿಲ್ಲ. ಹೀಗೇ ನಡೆದಿರುವ ಸಂಭವ ಹೆಚ್ಚು ಅಂತ ನ್ಯಾಯಾಧೀಶರಿಗೆ ಅನಿಸಿದರೆ ಸಾಕು. ಅದಕ್ಕೆ ಚಿಕ್ಕ ಚಿಕ್ಕ ಸಂಗತಿಗಳೇ ಕೈ ಹಿಡಿಯುವುದು: ಕುತ್ತಿಗೆ ಮೇಲಿನ ಗೀರು ಆಸ್ಪತ್ರೆಯ ಗಾಯದ ಸರ್ಟಿಫಿಕೇಟಿನಲ್ಲಿ ಬಂದಿದೆಯಾ, ಅವರು ಬಿಟ್ಟ ಕೂಡಲೇ ಅವನು ಪಕ್ಕದ ಮನೆಯವರನ್ನು ಎಬ್ಬಿಸಿದನಾ, ಆ ರಾತ್ರಿಯೇ ಸ್ಟೇಷನ್ನಿಗೆ ಹೋದನಾ, ಕದ್ದ ಮಾಲಿನಲ್ಲಿ ಅವನ ಪಾಲು ಸಿಕ್ಕಿದೆಯಾ. ಕೇಸ್ ಕೆಡುವುದು ಜಾಸ್ತಿ ಇಲ್ಲೇ. ಹೆದರಿ ನಾಲ್ಕು ದಿನ ಸುಮ್ನೆ ಕೂತುಬಿಡುತ್ತಾರೆ, ಆಮೇಲೆ ಹೇಳಿದ ನಿಜವೂ ಕಟ್ಟುಕತೆಯಂತೆ ಕೇಳಿಸುತ್ತದೆ. ವಿಚಾರಣೆಯಲ್ಲಿ ಸಾಕ್ಷಿಗಳ ಪಾಟೀಸವಾಲಿನಲ್ಲಿ ಇದನ್ನು ಮೊದಲಿನಿಂದಲೇ ಕೇಳುತ್ತಾ ಬರಬೇಕು, ಕೊನೆಗೆ ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನೆ ಕೇಳುವಾಗಲೂ ಅದನ್ನೇ ಹೇಳಬೇಕು. “ಗೊತ್ತಿಲ್ಲ, ಸುಳ್ಳು ಕೇಸು” ಅಂತ ಅಲ್ಲಿ ಹೇಳಿಬಿಟ್ಟರೆ ಬಲವಂತದ ಮಾತು ನಿಲ್ಲುವುದು ಕಷ್ಟ.

ಇಷ್ಟೂ ಸರಿಯಾಗಿದ್ದರೆ ಕಮ್ಮಾರ ಬಿಡುಗಡೆಯಾಗುತ್ತಾನೆ. ಶಿಕ್ಷೆ ಕಡಿಮೆಯಾಗುವುದಲ್ಲ, ಅವನು ಮಾಡಿದ್ದು ಅಪರಾಧವೇ ಅಲ್ಲ.

ಈಗ ಅದೇ ರಾತ್ರಿಯನ್ನು ಸ್ವಲ್ಪ ಬದಲಿಸೋಣ. ಸದ್ದಿಗೆ ಕಾವಲುಗಾರ ಎದ್ದು ಬರುತ್ತಾನೆ. ಅವನನ್ನು ಹಿಡಿದು ನೆಲಕ್ಕೆ ಕೆಡವಿ, ಕಮ್ಮಾರನಿಗೆ “ಸುತ್ತಿಗೆಯಿಂದ ಇವನ ತಲೆಗೆ ಹಾಕು” ಅನ್ನುತ್ತಾರೆ. ಚಾಕು ಅದೇ, ಕುತ್ತಿಗೆ ಅದೇ, ಭಯವೂ ಅದೇ. ಅವನು ಹೊಡೆಯುತ್ತಾನೆ, ಕಾವಲುಗಾರ ಸಾಯುತ್ತಾನೆ.

ಇಲ್ಲಿ ಮೇಲಿನ ಮೂರು ಪ್ರಶ್ನೆಗಳವರೆಗೂ ಹೋಗುವ ಹಾಗೇ ಇಲ್ಲ. ಕಲಂ 32 ಶುರುವಾಗುವುದೇ ಕೊಲೆಯನ್ನೂ, ಮರಣದಂಡನೆ ಇರುವ ದೇಶದ್ರೋಹದಂಥ ಅಪರಾಧಗಳನ್ನೂ ಹೊರಗಿಟ್ಟು. ನಮ್ಮಲ್ಲಿ ಇದು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟ ವಿಷಯವಲ್ಲ, ಬರೆದಿಟ್ಟ ಗೆರೆ. ಇಂಗ್ಲೆಂಡಿನಲ್ಲಿ ಅದನ್ನು ಕೋರ್ಟೇ ಎಳೆಯಬೇಕಾಯಿತು. 1975ರಲ್ಲಿ, ಆಗ ಅಲ್ಲಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಕೊಲೆಗೆ ನೆರವಾದವನು ಬಲವಂತದ ವಾದ ಮಾಡಬಹುದು ಅಂದಿತ್ತು. 1987ರ ಹೋವ್ ಪ್ರಕರಣದಲ್ಲಿ ಅದನ್ನು ವಾಪಸ್ ತೆಗೆದುಕೊಂಡು, ಹೊಡೆದವನಿಗೂ ಇಲ್ಲ, ನೆರವಾದವನಿಗೂ ಇಲ್ಲ ಅಂದಿತು.

ಯಾಕೆ ಇಷ್ಟು ಬಿಗಿ? ಬಾಗಿಲು ಮುರಿದಾಗ ತೂಗಿದ್ದು ಒಂದು ಕೊಂಡಿಯನ್ನು ಒಂದು ಜೀವದ ಎದುರು. ತಕ್ಕಡಿ ಯಾವ ಕಡೆ ಬಗ್ಗುತ್ತದೆ ಅಂತ ಯಾರೂ ಕೇಳಬೇಕಿಲ್ಲ. ಕಾವಲುಗಾರನ ವಿಷಯದಲ್ಲಿ ಎರಡೂ ಕಡೆ ಜೀವವೇ. ಕಮ್ಮಾರ ತನ್ನದನ್ನು ಉಳಿಸಿಕೊಳ್ಳಲು, ಏನೂ ತಪ್ಪು ಮಾಡದ, ಅವನಿಗೆ ಯಾವ ಅಪಾಯವನ್ನೂ ತರದ ಇನ್ನೊಬ್ಬನದನ್ನು ಆರಿಸಿದ. ಅದೇ ಸುತ್ತಿಗೆಯನ್ನು ಅವನು ಚಾಕು ಹಿಡಿದವನ ಮೇಲೆ ಬೀಸಿದ್ದರೆ, ಅವನು ಸತ್ತೇಹೋಗಿದ್ದರೂ ಕಲಂ 38ರ ಆತ್ಮರಕ್ಷಣೆಯ ಹಕ್ಕು ಕಮ್ಮಾರನ ಪರ ನಿಲ್ಲುತ್ತಿತ್ತು. ಬೆದರಿಸಿದವನನ್ನು ಕೊಲ್ಲಲು ಕಾನೂನು ಬಿಡುತ್ತದೆ, ನಡುವೆ ಸಿಕ್ಕಿದ ಅಮಾಯಕನನ್ನು ಕೊಲ್ಲಲು ಬಿಡುವುದಿಲ್ಲ. ಅಲ್ಲದೆ ಒಮ್ಮೆ ಬಿಟ್ಟರೆ, ಗುಂಪು ಕಟ್ಟಿಕೊಂಡವರು ಪ್ರತಿ ಕೊಲೆಯನ್ನೂ ಹೆದರಿಸಿದ ಒಬ್ಬನ ಕೈಯಲ್ಲಿ ಮಾಡಿಸುತ್ತಾರೆ, ಹೊಡೆದವನಿಗೆ ಶಿಕ್ಷೆಯೇ ಇಲ್ಲದಂತಾಗುತ್ತದೆ.

ಹಾಗಾದರೆ ಅನಿವಾರ್ಯತೆ ಅಂತ ವಾದಿಸಬಹುದಾ? ಕಲಂ 19, ಹಳೆಯದರಲ್ಲಿ 81, ಹೇಳುವುದು ಬೇರೆ. ದೊಡ್ಡ ಹಾನಿ ತಪ್ಪಿಸಲು, ಒಳ್ಳೆಯ ಮನಸ್ಸಿನಿಂದ, ಚಿಕ್ಕ ಹಾನಿ ಆಗಬಹುದು ಅಂತ ಗೊತ್ತಿದ್ದೂ ಮಾಡಿದರೆ ಅಪರಾಧವಲ್ಲ. ಅದರಲ್ಲಿರುವ ಉದಾಹರಣೆ ಹಡಗಿನ ಕ್ಯಾಪ್ಟನ್ನನದು. ನಮ್ಮ ಕಡೆ ಲಾರಿ ಡ್ರೈವರ್ ಅಂದುಕೊಳ್ಳಿ. ತನ್ನ ತಪ್ಪಿಲ್ಲದೆ ಬೈಪಾಸಿನಲ್ಲಿ ಬ್ರೇಕ್ ಹೋಗಿದೆ, ಎದುರಿಗೆ 20 ಜನರಿರುವ ಟ್ರ್ಯಾಕ್ಸ್, ಪಕ್ಕದಲ್ಲಿ ಇಬ್ಬರು ಕೂತ ಬೈಕ್. ಬೈಕಿಗೆ ತಾಗಬಹುದು ಅಂತ ಗೊತ್ತಿದ್ದೂ, ತಾಗದಿರಲಿ ಅಂತಲೇ ಆ ಕಡೆ ತಿರುಗಿಸುತ್ತಾನೆ. ಅವನಿಗೆ ಗೊತ್ತಿತ್ತು, ಆದರೆ ಅವರನ್ನು ಕೊಲ್ಲುವ ಉದ್ದೇಶ ಇರಲಿಲ್ಲ. ಈ ಎರಡರ ನಡುವಿನ ಅಂತರದ ಮೇಲೇ ಕಲಂ 19 ನಿಂತಿದೆ. ಕಮ್ಮಾರ ತಲೆಗೇ ಗುರಿಯಿಟ್ಟು ಹೊಡೆದ. ಆ ಉದ್ದೇಶ ಇದ್ದಲ್ಲಿ ಈ ಕಲಂ ಹತ್ತಿರ ಬರುವುದಿಲ್ಲ.

1884ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಿಗ್ನೊನೆಟ್ ಹಡಗಿನ ಕೇಸನ್ನು ಲಾ ಕಾಲೇಜಿನ ಪ್ರತಿ ಹುಡುಗನೂ ಓದಿರುತ್ತಾನೆ. ಹಡಗು ಮುಳುಗಿ ನಾಲ್ಕು ಜನ ಚಿಕ್ಕ ದೋಣಿಯಲ್ಲಿ ಉಳಿದರು. ಕುಡಿಯುವ ನೀರಿಲ್ಲ, ತಿನ್ನಲು ಎರಡು ಡಬ್ಬಿ ಗಡ್ಡೆ. ಸುಮಾರು ಇಪ್ಪತ್ತನೇ ದಿನ, ಸಮುದ್ರದ ನೀರು ಕುಡಿದು ಕಾಯಿಲೆ ಬಿದ್ದಿದ್ದ 17 ವರ್ಷದ ರಿಚರ್ಡ್ ಪಾರ್ಕರ್‌ನನ್ನು ಕ್ಯಾಪ್ಟನ್ ಡಡ್ಲಿ ಕೊಂದ, ದೋಣಿಯಲ್ಲಿದ್ದ ಸ್ಟೀಫನ್ಸ್ ಒಪ್ಪಿಗೆ ಕೊಟ್ಟಿದ್ದ. ಉಳಿದ ಮೂವರೂ ಹುಡುಗನನ್ನು ತಿಂದು ಬದುಕಿದರು. ನಾಲ್ಕು ದಿನದ ನಂತರ ಬೇರೊಂದು ಹಡಗು ಅವರನ್ನು ಎತ್ತಿಕೊಂಡಿತು. ತಿನ್ನದಿದ್ದರೆ ಬಹುಶಃ ಎಲ್ಲರೂ ಸಾಯುತ್ತಿದ್ದರು, ಹುಡುಗ ಬಹುಶಃ ಮೊದಲೇ ಸಾಯುತ್ತಿದ್ದ ಅಂತ ಜ್ಯೂರಿಯೇ ಒಪ್ಪಿತ್ತು. ಆದರೂ ನ್ಯಾಯಾಧೀಶ ಲಾರ್ಡ್ ಕೋಲ್‌ರಿಜ್ ಅದನ್ನು ಕೊಲೆ ಅಂದರು. ಯಾರ ಜೀವಕ್ಕೆ ಬೆಲೆ ಹೆಚ್ಚು ಅಂತ ಅಳೆಯುವುದು ಯಾವ ಅಳತೆಯಲ್ಲಿ, ಅಳೆಯುವವರು ಯಾರು ಎಂಬುದು ಅವರ ಪ್ರಶ್ನೆ. ಲಾಭ ಆಗುವವನೇ ಅಳೆಯಲು ಕೂತರೆ ಪ್ರತಿ ಸಲವೂ ಸೋಲುವುದು ದೋಣಿಯಲ್ಲಿನ ಅತಿ ದುರ್ಬಲನೇ. ಡಡ್ಲಿಗೂ ಸ್ಟೀಫನ್ಸ್‌ಗೂ ಮರಣದಂಡನೆ ಆಯಿತು, ಆಮೇಲೆ ರಾಣಿಯ ಹೆಸರಿನಲ್ಲಿ ಅದನ್ನು ಆರು ತಿಂಗಳ ಜೈಲಿಗೆ ಇಳಿಸಿದರು.

ನಮ್ಮ ಕಮ್ಮಾರನಿಗೆ ಅಷ್ಟು ಬೇಗ ಕರುಣೆ ಸಿಗುವುದಿಲ್ಲ. ಕೊಲೆಗೆ ಕಲಂ 103ರಲ್ಲಿ ಮರಣದಂಡನೆ ಅಥವಾ ಜೀವಾವಧಿ, ನಡುವೆ ಏನೂ ಇಲ್ಲ. ಕುತ್ತಿಗೆ ಮೇಲೆ ಚಾಕು ಇತ್ತು ಅನ್ನೋದು ಅವನನ್ನು ಗಲ್ಲಿನಿಂದ ಉಳಿಸಬಹುದು, ಜೀವಾವಧಿಗಿಂತ ಕೆಳಗೆ ಇಳಿಸಲಾರದು. ಸರ್ಕಾರ ಶಿಕ್ಷೆ ಕಡಿತ ಮಾಡಬೇಕೆಂದರೂ ಇಂಥ ಜೀವಾವಧಿಯಲ್ಲಿ 14 ವರ್ಷ ಒಳಗಿರಲೇಬೇಕು. ಅದಕ್ಕಿಂತ ಮೊದಲು ಬೇಕೆಂದರೆ ಸಂವಿಧಾನದ ವಿಧಿ 161ರಡಿ ರಾಜ್ಯಪಾಲರಿಗೆ ಅರ್ಜಿ ಹಾಕಬೇಕು.

ಅದಕ್ಕೇ ಇಂಥ ಕೇಸ್ ಹಿಡಿದ ವಕೀಲರು ಬಲವಂತದ ವಾದ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ. ಏಟು ನಿಜವಾಗಿಯೂ ಇವನದೇನಾ, ಅಥವಾ ಅವನ ಕೈ ಹಿಡಿದು ಅವರೇ ಬೀಸಿದರಾ? ಹಾಗಿದ್ದರೆ ಅದು ಅವನ ಕೃತ್ಯವೇ ಅಲ್ಲ. ಬಾಗಿಲು ಮುರಿದದ್ದಷ್ಟೇ ಅವನು, ಕೊಂದವರು ಒಳಗೆ ಹೋದವರು ಅಂತಾದರೆ, ಕೊಲ್ಲುವ ಉದ್ದೇಶದಲ್ಲಿ ಅವನ ಪಾಲೇ ಇರಲಿಲ್ಲ ಅಂತ ವಾದಿಸಬೇಕು. ಹೆಣ ಹೂಳಿಸಿದ್ದಷ್ಟೇ ಇವನ ಕೈಯಲ್ಲಾದರೆ ಅದು ಸಾಕ್ಷ್ಯನಾಶ, ಕಲಂ 238. ಅದು ಕೊಲೆಯಲ್ಲ, ಹಾಗಾಗಿ ಅಲ್ಲಿ ಕಲಂ 32 ಮತ್ತೆ ಜೀವ ಪಡೆಯುತ್ತದೆ. ಐವರನ್ನೂ ಕಣ್ಣಾರೆ ಕಂಡವನು ಅವನೊಬ್ಬನೇ ಆಗಿದ್ದರೆ ಮಾಫಿ ಸಾಕ್ಷಿಯಾಗುವ ದಾರಿಯೂ ಇದೆ. ನಡೆದದ್ದನ್ನು ತನ್ನ ಪಾಲೂ ಸೇರಿಸಿ ಪೂರ್ತಿ ಹೇಳಿದರೆ ಕೋರ್ಟ್ ಕ್ಷಮೆ ಕೊಡಬಹುದು. ಒಂದು ಮಾತು ಮುಚ್ಚಿಟ್ಟರೂ ಆ ಕ್ಷಮೆ ಹೋಗುತ್ತದೆ, ಕೊಲೆ ಕೇಸ್ ಅವನ ಮೇಲೆ ಮತ್ತೆ ಬರುತ್ತದೆ.