ಕೊಡಲಿಲ್ಲ, ಕೊಟ್ಟಿಲ್ಲ, ಕೊಡಲೇ ಇಲ್ಲ: ಇಂಗ್ಲಿಷಿಗೆ ತರುವಾಗ ನಾನು ನೋಡುವುದು

ಕನ್ನಡದ ಕಾಗದಪತ್ರ, ಹೇಳಿಕೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ‘ಇಲ್ಲ’ ಎಂದು ಮುಗಿಯುವ ವಾಕ್ಯ ಬಂದರೆ ನಾನು ಅಲ್ಲೇ ನಿಲ್ಲುತ್ತೇನೆ. ‘ಕೊಟ್ಟೆ’, ‘ಕೊಟ್ಟಳು’ ಎಂದಾಗ ಯಾರು ಎಂಬುದು ಕ್ರಿಯಾಪದದಲ್ಲೇ ಸಿಗುತ್ತದೆ. ‘ಕೊಡಲಿಲ್ಲ’ ಎಂದರೆ ನಾನು, ನೀನು, ಅವಳು, ಅವರು ಎಲ್ಲರಿಗೂ ಅದೇ ರೂಪ. ಕಾಲದ ಸುಳಿವು ಉಳಿದಿರುತ್ತದೆ, ಆದರೆ ಅದು ‘ಇಲ್ಲ’ದಲ್ಲಿರುವುದಿಲ್ಲ, ಅದರ ಹಿಂದಿನ ತುಂಡಿನಲ್ಲಿರುತ್ತದೆ. ಹಾಗಾಗಿ ನನ್ನ ಕಣ್ಣು ಮೊದಲು ಆ ತುಂಡಿನ ಮೇಲೆ ಹೋಗುತ್ತದೆ.

ಸಾಲದ ತಕರಾರಿನ ಹೇಳಿಕೆಗಳಲ್ಲಿ ಬರುವಂಥ ಮೂರು ವಾಕ್ಯ ತೆಗೆದುಕೊಳ್ಳೋಣ: “ಮಾರ್ಚ್‌ನಲ್ಲಿ ಅಸಲು ಕೊಡುತ್ತೇನೆ ಎಂದಿದ್ದರು, ಕೊಡಲಿಲ್ಲ. ಬಡ್ಡಿ ಇನ್ನೂ ಕೊಟ್ಟಿಲ್ಲ. ಅದಕ್ಕೂ ಮೊದಲು ಅವರಿಗೆ ಸಾಲ ಕೊಟ್ಟಿರಲಿಲ್ಲ.”

ಮೊದಲನೆಯದು ಮಾರ್ಚ್‌ಗೆ ಮುಗಿದುಹೋದ ಸಂಗತಿ, ಆದ್ದರಿಂದ ‘ಡಿಡ್ ನಾಟ್ ಪೇ’. ಎರಡನೆಯದರಲ್ಲಿ ‘ಕೊಟ್ಟು’ ಎಂಬ ಭೂತ ಕೃದಂತಕ್ಕೆ ‘ಇಲ್ಲ’ ಸೇರಿದೆ. ಮಾತನಾಡುವ ಈ ಹೊತ್ತಿನವರೆಗೂ ಆಗಿಲ್ಲ, ಬಾಕಿ ಇದೆ ಎಂದರ್ಥ, ಆದ್ದರಿಂದ ‘ಹ್ಯಾಸ್ ನಾಟ್ ಪೇಯ್ಡ್ ಯೆಟ್’. ಮೂರನೆಯದರ ‘ಇರಲಿಲ್ಲ’ ನಮ್ಮನ್ನು ಇನ್ನೊಂದು ಭೂತಕಾಲದ ಹಿಂದಕ್ಕೆ ಒಯ್ಯುತ್ತದೆ, ಅದು ‘ಹ್ಯಾಡ್ ನಾಟ್ ಲೆಂಟ್’. ಇಲ್ಲಿ ಕೊಡದವರು ಬೇರೆ ಎಂಬುದನ್ನೂ ನೋಡಬೇಕು. ಮೊದಲೆರಡರಲ್ಲಿ ಅವರು, ಮೂರನೆಯದರಲ್ಲಿ ಹೇಳಿಕೆ ಕೊಡುತ್ತಿರುವವರೇ. ರೂಪ ಇದನ್ನು ಹೇಳುವುದಿಲ್ಲ, ‘ಅವರಿಗೆ’ ಎಂಬ ಪದ ಹೇಳುತ್ತದೆ. ‘ಅವರು’ ಹೀ ಆಗಬೇಕೋ ಶೀ ಆಗಬೇಕೋ ಎಂಬುದನ್ನು ಕಾಗದದ ಬೇರೆ ಕಡೆ ಹುಡುಕಿಯೇ ಬರೆಯಬೇಕು.

ಈಗ ‘ಏ’ ಸೇರಿಸಿ ನೋಡಿ. ‘ಬಡ್ಡಿ ಕೊಡಲೇ ಇಲ್ಲ’ ಎಂದರೆ ಕೊಡಬೇಕಿದ್ದ ಹೊತ್ತು ಕಳೆಯಿತು, ಕೊನೆಗೂ ಬರಲಿಲ್ಲ ಎಂಬ ಧ್ವನಿ. ಇದಕ್ಕೆ ‘ನೆವರ್ ಪೇಯ್ಡ್’ ಚೆನ್ನಾಗಿ ಒಪ್ಪುತ್ತದೆ. ‘ಬಡ್ಡಿ ಕೊಟ್ಟೇ ಇಲ್ಲ’ ಎಂದರೆ ಇವತ್ತಿನವರೆಗೆ ಒಂದು ಸಲವೂ ಇಲ್ಲ, ‘ಹ್ಯಾಸ್ ನೆವರ್ ಪೇಯ್ಡ್’. ಮೊದಲನೆಯದು ಮುಚ್ಚಿದ ಲೆಕ್ಕ, ಎರಡನೆಯದು ತೆರೆದ ಲೆಕ್ಕ. ಎರಡಕ್ಕೂ ‘ಡಿಡ್ ನಾಟ್ ಪೇ’ ಎಂದು ಬರೆದರೆ ವ್ಯಾಕರಣ ಸರಿಯಿರುತ್ತದೆ, ಹೇಳಿದವರ ಮಾತು ಮಾತ್ರ ತಪ್ಪಿಹೋಗುತ್ತದೆ. ಹೇಳಿಕೆಯಲ್ಲಿ ಇದು ಸಣ್ಣ ವಿಷಯವಲ್ಲ.

ಆದರೆ ‘ಏ’ ಕಂಡಲ್ಲೆಲ್ಲ ‘ನೆವರ್’ ಹಾಕಲಾಗದು. ‘ಅವನು ಇತ್ತ ಬರುವುದೇ ಇಲ್ಲ’ ಎಂಬುದು ರೂಢಿಯ ಮಾತಾದರೆ ‘ನೆವರ್ ಕಮ್ಸ್’. ‘ನಾಳೆ ಬರುವುದೇ ಇಲ್ಲ’ ಎಂದಾಗ ‘ನೆವರ್’ ಹೊಂದುವುದಿಲ್ಲ, ‘ವಿಲ್ ನಾಟ್ ಕಮ್ ಅಟ್ ಆಲ್’ ಎನ್ನಬೇಕು. ‘ಏ’ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ‘ಬಡ್ಡಿಯನ್ನೇ ಕೊಟ್ಟಿಲ್ಲ’ ಎಂದಾಗ ಒತ್ತು ಬಡ್ಡಿಯ ಮೇಲಿದೆ: ಬಡ್ಡಿಗೇ ಗತಿಯಿಲ್ಲ, ಇನ್ನು ಅಸಲಿನ ಮಾತೆಲ್ಲಿ ಎಂದು. ಅದು ‘ನಾಟ್ ಈವನ್ ದಿ ಇಂಟರೆಸ್ಟ್’, ‘ನೆವರ್’ ಅಲ್ಲ.

ಕೈಬರಹದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಒಂದು ದೀರ್ಘದ ಬಗ್ಗೆ. ‘ಇನ್ನೂ ಬಂದಿಲ್ಲ’ ಎಂದರೆ ‘ನಾಟ್ ಯೆಟ್’, ಬರಬಹುದು. ‘ಇನ್ನು ಬರುವುದಿಲ್ಲ’ ಎಂದರೆ ‘ನೋ ಲಾಂಗರ್’, ಇಲ್ಲಿಗೆ ಮುಗಿಯಿತು. ಬರೆಯುವವರು ದೀರ್ಘವನ್ನು ಅನೇಕ ಸಲ ಬಿಟ್ಟುಬಿಡುತ್ತಾರೆ. ಆಗ ನಾನು ಕ್ರಿಯಾಪದವನ್ನೇ ನಂಬುತ್ತೇನೆ. ‘ಇನ್ನು ಬಂದಿಲ್ಲ’ ಎಂದಿದ್ದರೆ ಅದು ಬಹುಪಾಲು ‘ಇನ್ನೂ’ವೇ, ಏಕೆಂದರೆ ‘ಇನ್ನು ಮುಂದೆ’ ಎಂಬ ಅರ್ಥ ‘ಬಂದಿಲ್ಲ’ದ ಜೊತೆ ಕೂಡುವುದಿಲ್ಲ. ‘ಬರುವುದಿಲ್ಲ’ ಇದ್ದರೆ ಸಾಮಾನ್ಯವಾಗಿ ‘ಇನ್ನು’. ಕಥನದಲ್ಲಿ ‘ಇನ್ನೂ ಬಂದಿರಲಿಲ್ಲ’ ಬಂದರೆ ‘ಹ್ಯಾಡ್ ನಾಟ್ ಯೆಟ್ ಕಮ್’ ಎಂದು ಒಂದು ಹೆಜ್ಜೆ ಹಿಂದೆ ಸರಿಸಿದರೆ ಸಾಕು.

ರೂಪವನ್ನು ಹಾಗೇ ದಾಟಿಸಿದರೆ ಕೆಡುವ ಜಾಗವೂ ಒಂದಿದೆ. ಮಾತಿನಲ್ಲಿ ನಾವು ‘ಅವರು ನಿನ್ನೆ ಬಂದಿಲ್ಲ’ ಎಂದು ಸಲೀಸಾಗಿ ಹೇಳುತ್ತೇವೆ, ಹಾಜರಿ ಪುಸ್ತಕ ನೋಡಿ ಹೇಳುವವರಂತೂ ಹೀಗೇ ಹೇಳುತ್ತಾರೆ. ಕನ್ನಡದಲ್ಲಿ ಅದು ಸರಿಯೇ. ಆದರೆ ಇಂಗ್ಲಿಷಿನ ‘ಹ್ಯಾಸ್ ನಾಟ್ ಕಮ್’ ಜೊತೆಗೆ ‘ಯೆಸ್ಟರ್ಡೇ’ ನಿಲ್ಲದು. ನಿನ್ನೆ, ಹೋದ ವಾರ, ಮಾರ್ಚ್‌ನಲ್ಲಿ ಎಂಬಂಥ ಮುಗಿದ ಕಾಲದ ಪದ ವಾಕ್ಯದಲ್ಲಿದ್ದರೆ ಕನ್ನಡದ ರೂಪ ‘ಬಂದಿಲ್ಲ’ವೇ ಆಗಿದ್ದರೂ ನಾನು ‘ಡಿಡ್ ನಾಟ್ ಕಮ್’ ಎಂದೇ ಬರೆಯುತ್ತೇನೆ. ಆ ಪದವಿಲ್ಲದೆ ಬರೀ ‘ಬಂದಿಲ್ಲ’ ಇದ್ದರೆ ಹಿಂದಿನ ಪ್ರಶ್ನೆಗೆ ಹೋಗುತ್ತೇನೆ. ‘ನಿನ್ನೆ ಬಂದಿದ್ದರಾ?’ ಎಂದು ಕೇಳಿದ್ದರೆ ‘ಡಿಡ್ ನಾಟ್’, ‘ಬಂದಿದ್ದಾರಾ?’ ಎಂದಿದ್ದರೆ ‘ಹ್ಯಾಸ್ ನಾಟ್’. ಪ್ರಶ್ನೆ ದಾಖಲಾಗಿಲ್ಲದಿದ್ದರೆ ಕಾಗದ ಕೊಟ್ಟವರನ್ನು ಕೇಳಿಯೇ ಮುಂದುವರಿಯುತ್ತೇನೆ.